ಡಯಟ್ ಶುರು ಮಾಡಿದ್ಮೇಲೆ ನಿಮ್ಮ ಸ್ಟೆಪ್ಸ್ ಎಷ್ಟಾಗಿದೆ ನೋಡಿದ್ರಾ?

ತೂಕ ಇಳಿಸೋಕೆ ಹೊರಟವರು ಪದೇ ಪದೇ ಹೇಳೋ ಮಾತೊಂದಿದೆ. ಮೊದಲ ಒಂದೂವರೆ ತಿಂಗಳು ಚೆನ್ನಾಗೇ ಇಳೀತು, ಆಮೇಲೆ ನಿಂತೇ ಹೋಯ್ತು, ಊಟ ಅಷ್ಟೇ ತಿಂತಿದೀನಿ, ಜಿಮ್ಮಿಗೂ ತಪ್ಪಿಸ್ದೆ ಹೋಗ್ತಿದೀನಿ, ಆದ್ರೂ ತೂಕದ ಮುಳ್ಳು ಅಲ್ಲಾಡ್ತಿಲ್ಲ ಅಂತ. ಇದಕ್ಕೆ ಸುತ್ತಮುತ್ತಲಿನವರು ಕೊಡೋ ಉತ್ತರ ಎರಡೇ: ಒಂದು, ನೀವು ಲೆಕ್ಕಕ್ಕೆ ಬಾರದೆ ಏನೋ ತಿಂತಿದೀರ, ಇನ್ನೊಂದು, ನಿಮ್ಮ ಮೆಟಬಾಲಿಸಂ ಹಾಳಾಗಿದೆ. ಮೊದಲನೇದು ಎಷ್ಟೋ ಸಲ ನಿಜಾನೇ. ಎರಡನೇದರಲ್ಲಿ ಸ್ವಲ್ಪ ಸತ್ಯ ಇದೆ, ಆದ್ರೆ ಜನ ಹೆದರ್ಕೊಳ್ಳೋವಷ್ಟು ಇಲ್ಲ. ಮೂರನೇ ಕಾರಣ ಒಂದಿದೆ, ಅದನ್ನ ಯಾರೂ ತಿರುಗಿ ನೋಡಲ್ಲ. ದಿನವಿಡೀ ಆಗೋ ಓಡಾಟಾನೇ ಕಡಿಮೆ ಆಗಿರತ್ತೆ, ಕಡಿಮೆ ಮಾಡಿದವರಿಗೇ ಅದು ಗೊತ್ತಿರಲ್ಲ.

ಇದು ಹೇಗಾಗತ್ತೆ, ಎಷ್ಟಾಗತ್ತೆ, ಫೋನಲ್ಲಿರೋ ಸ್ಟೆಪ್ ಕೌಂಟ್ ನೋಡಿ ಹೇಗೆ ಹಿಡೀಬೋದು ಅನ್ನೋದನ್ನ ಬುಡದಿಂದ ನೋಡೋಣ.

## ದಿನದ ಕ್ಯಾಲೊರಿ ಎಲ್ಲೆಲ್ಲಿ ಖರ್ಚಾಗತ್ತೆ

ನಾವು ಏನೂ ಮಾಡದೆ ಮಲಗಿದ್ರೂ ಹೃದಯ, ಮೆದುಳು, ಲಿವರ್, ಕಿಡ್ನಿ ಇವೆಲ್ಲ ಓಡ್ತಾನೇ ಇರ್ಬೇಕು, ಮೈ ಬಿಸಿ ಇರ್ಬೇಕು. ಕೂತು ಕೆಲಸ ಮಾಡೋರಲ್ಲಿ ದಿನದ ಒಟ್ಟು ಖರ್ಚಿನ ಸುಮಾರು 60 ಪರ್ಸೆಂಟ್ ಇದಕ್ಕೇ ಹೋಗತ್ತೆ. ತಿಂದಿದ್ದನ್ನ ಅರಗಿಸ್ಕೊಳ್ಳೋಕೆ ಇನ್ನೊಂದು 10 ಪರ್ಸೆಂಟ್. ಉಳಿದಿದ್ದೆಲ್ಲ ಮೈ ಅಲ್ಲಾಡಿಸೋದಕ್ಕೆ.

ಈ ಉಳಿದ ಭಾಗವನ್ನ ಮತ್ತೆ ಎರಡು ಮಾಡ್ಬೋದು. ಬಟ್ಟೆ ಬದಲಾಯಿಸಿ, ಟೈಮ್ ನೋಡ್ಕೊಂಡು ಮಾಡೋ ವ್ಯಾಯಾಮ ಒಂದು. ಅದನ್ನ ಬಿಟ್ಟು ಆಗೋದೆಲ್ಲ ಇನ್ನೊಂದು, ಅಂದ್ರೆ ಮೆಟ್ಟಿಲು ಹತ್ತೋದು, ನಿಂತ್ಕೊಂಡು ಅಡುಗೆ ಮಾಡೋದು, ನೀರು ಕುಡಿಯೋಕೆ ಎದ್ದು ಹೋಗೋದು, ಫೋನಲ್ಲಿ ಮಾತಾಡ್ತಾ ಆಕಡೆ ಈಕಡೆ ಅಡ್ಡಾಡೋದು, ಕೂತಲ್ಲೇ ಕಾಲು ಕುಣಿಸೋದು, ಎಲ್ಲಾನೂ. ವಿಜ್ಞಾನಿಗಳು ಇದಕ್ಕೆ ನಾನ್ ಎಕ್ಸರ್ಸೈಸ್ ಆಕ್ಟಿವಿಟಿ ಥರ್ಮೋಜೆನೆಸಿಸ್ ಅಂತ ಉದ್ದದ ಹೆಸರು ಇಟ್ಟಿದಾರೆ, ಚಿಕ್ಕದಾಗಿ ನೀಟ್. ನಾನು ಇಲ್ಲಿ ಓಡಾಟ ಅಂತಾನೇ ಬರೀತೀನಿ.

ವಾರಕ್ಕೆ ಮೂರು ಸಲ ಮುಕ್ಕಾಲು ಗಂಟೆ ಜಿಮ್ ಅಂದ್ರೆ ಒಟ್ಟು ಎರಡೂ ಕಾಲು ಗಂಟೆ. ಒಂದು ವಾರದಲ್ಲಿ ಇರೋದು 168 ಗಂಟೆ. ನಿದ್ದೆ ಬಿಟ್ರೂ ನೂರಕ್ಕಿಂತ ಹೆಚ್ಚು ಗಂಟೆ ನಾವು ಎಚ್ಚರವಾಗಿರ್ತೀವಿ, ಆ ಹೊತ್ತಲ್ಲೆಲ್ಲ ಕೂತಿದೀವಾ ಎದ್ದು ತಿರುಗಾಡ್ತಿದೀವಾ ಅನ್ನೋದು ನಿಧಾನಕ್ಕೆ ಕೂಡ್ತಾ ಹೋಗತ್ತೆ. ಒಂದೇ ಎತ್ತರ, ಹತ್ತಿರಹತ್ತಿರ ಒಂದೇ ತೂಕದ ಇಬ್ಬರ ಮಧ್ಯೆ ಬರೀ ಓಡಾಟದಿಂದಾನೇ ದಿನಕ್ಕೆ 2000 ಕ್ಯಾಲೊರಿವರೆಗೂ ವ್ಯತ್ಯಾಸ ಇರ್ಬೋದು ಅಂತಾರೆ. ಅದು ತೀರಾ ತುದಿಯ ಲೆಕ್ಕ, ಒಬ್ಬರು ದಿನವೆಲ್ಲ ಮೈ ಬಗ್ಗಿಸಿ ದುಡಿಯೋರು ಇನ್ನೊಬ್ಬರು ಕುರ್ಚಿ ಬಿಟ್ಟು ಏಳದವರು ಅಂದ್ಕೊಳಿ. ಆದ್ರೆ ಕೆಲವು ನೂರು ಕ್ಯಾಲೊರಿ ವ್ಯತ್ಯಾಸ ಒಂದೇ ಆಫೀಸಲ್ಲಿ ಪಕ್ಕಪಕ್ಕ ಕೂರೋ ಇಬ್ಬರಲ್ಲೂ ಇರತ್ತೆ.

## ಒಂದೇ ಥರ ತಿಂದ್ರೂ ಒಂದೇ ಥರ ದಪ್ಪ ಆಗ್ಲಿಲ್ಲ

1999ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಜೇಮ್ಸ್ ಲೆವಿನ್ ಮತ್ತು ಅವರ ಜೊತೆಯವರು ಮಾಡಿದ ಪ್ರಯೋಗ ಈ ವಿಷಯದಲ್ಲಿ ತುಂಬಾ ಹೆಸರುವಾಸಿ. ಬೊಜ್ಜಿಲ್ಲದ 16 ಜನರನ್ನ ತಗೊಂಡು, ಅವರಿಗೆ ಬೇಕಾದ್ದಕ್ಕಿಂತ ದಿನಕ್ಕೆ 1000 ಕ್ಯಾಲೊರಿ ಜಾಸ್ತಿ ಎಂಟು ವಾರ ತಿನ್ನಿಸಿದ್ರು. ಎಲ್ಲರಿಗೂ ಹೆಚ್ಚುವರಿ ಊಟ ಅಷ್ಟೇ, ದಿನಾನೂ ಅಷ್ಟೇ, ಹಾಗಾದ್ರೆ ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ ಅಳತೆ ಕೊಬ್ಬು ಸೇರ್ಬೇಕಿತ್ತು. ಸೇರ್ಲಿಲ್ಲ. ಒಬ್ಬರಿಗೆ ಅರ್ಧ ಕೆಜಿನೂ ಕೂಡಲಿಲ್ಲ, ಇನ್ನೊಬ್ಬರಿಗೆ ನಾಲ್ಕು ಕೆಜಿಗೂ ಮೇಲೆ ಕೊಬ್ಬು ಸೇರ್ಕೊಂಡಿತ್ತು.

ಮಿಕ್ಕಿದ್ದೆಲ್ಲ ಎಲ್ಲಿಗೆ ಹೋಯ್ತು ಅಂತ ಅಳೆದು ನೋಡಿದಾಗ, ಕಡಿಮೆ ದಪ್ಪ ಆದವರ ಓಡಾಟದ ಖರ್ಚು ತಾನಾಗೇ ಏರಿತ್ತು, ಅವರಲ್ಲಿ ಅತಿ ಹೆಚ್ಚು ಏರಿದ್ದು ದಿನಕ್ಕೆ ಸುಮಾರು 690 ಕ್ಯಾಲೊರಿ. ವ್ಯಾಯಾಮ ಮಾಡಿ ಅಂತ ಯಾರೂ ಅವರಿಗೆ ಹೇಳಿರ್ಲಿಲ್ಲ, ವ್ಯಾಯಾಮವನ್ನ ಹಿಡಿತದಲ್ಲೇ ಇಟ್ಟಿದ್ರು. ಸುಮ್ನೆ ಅವರ ಮೈ ಹೆಚ್ಚು ಚಡಪಡಿಸ್ತು, ಹೆಚ್ಚು ಎದ್ದು ಕೂತು ಮಾಡ್ತು. ಇನ್ನು ಕೆಲವರಲ್ಲಿ ಓಡಾಟ ಏರೋದಿರ್ಲಿ ಇನ್ನೂ ಸ್ವಲ್ಪ ಇಳಿದಿತ್ತು, ದಪ್ಪ ಆಗಿದ್ದು ಅವರೇ. "ಅವನು ಎಷ್ಟು ತಿಂದ್ರೂ ದಪ್ಪ ಆಗಲ್ಲ ಕಣೋ" ಅಂತೀವಲ್ಲ, ಅಂಥವರನ್ನ ಒಂದು ದಿನ ಸುಮ್ನೆ ಗಮನಿಸಿ ನೋಡಿ, ಒಂದು ಕಡೆ ನೆಟ್ಟಗೆ ಕೂತಿರೋದೇ ಕಷ್ಟ.

ಅದೇ ಗುಂಪು 2005ರಲ್ಲಿ ಇನ್ನೊಂದು ಅಳತೆ ಮಾಡ್ತು. ತೆಳ್ಳಗಿರೋ 10 ಜನ, ಸ್ವಲ್ಪ ಬೊಜ್ಜಿರೋ 10 ಜನ, ಎರಡೂ ಗುಂಪಲ್ಲಿ ವ್ಯಾಯಾಮದ ಅಭ್ಯಾಸ ಇಲ್ಲದವರೇ. ಬೊಜ್ಜಿದ್ದವರು ದಿನಕ್ಕೆ ಸರಾಸರಿ ಎರಡು ಗಂಟೆಗೂ ಹೆಚ್ಚು ಹೊತ್ತು ಜಾಸ್ತಿ ಕೂತಿರ್ತಿದ್ರು. ತೆಳ್ಳಗಿರೋರ ಥರ ಎದ್ದು ಓಡಾಡಿದ್ರೆ ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚು ಖರ್ಚಾಗ್ತಿತ್ತು ಅಂತ ಲೆಕ್ಕ ಬಂತು.

## ಕಮ್ಮಿ ತಿಂದಾಗ ಏನಾಗತ್ತೆ

ಜಾಸ್ತಿ ತಿಂದಾಗ ಓಡಾಟ ಏರೋದು ಎಲ್ಲರಿಗೂ ಆಗಲ್ಲ, ಆದ್ರೆ ಕಮ್ಮಿ ತಿಂದಾಗ ಇಳಿಯೋದು ತುಂಬಾ ಜನರಿಗೆ ಆಗತ್ತೆ. ಸಂಬಳ ಕಡಿಮೆಯಾದ ಮನೆ ನೆನೆಸ್ಕೊಳಿ. ಬಾಡಿಗೆ, ಕರೆಂಟು, ಮಕ್ಕಳ ಫೀಸು ಇವನ್ನ ಮುಟ್ಟೋಕಾಗಲ್ಲ, ಮೊದಲು ಕೈ ಬೀಳೋದು ಸಣ್ಣಪುಟ್ಟ ಖರ್ಚಿನ ಮೇಲೆ, ಅದೂ ಯಾರೂ ಕೂತು ಮೀಟಿಂಗ್ ಮಾಡಿ ತೀರ್ಮಾನ ಮಾಡಿರಲ್ಲ, ಹಾಗೇ ಆಗೋಗಿರತ್ತೆ. ದೇಹಾನೂ ಅಷ್ಟೇ, ಹೃದಯ ಮೆದುಳಿನ ಖರ್ಚು ಹೆಚ್ಚು ಕಡಿತ ಮಾಡೋ ಹಾಗಿಲ್ಲ, ಓಡಾಟವನ್ನ ಮಾಡ್ಬೋದು.

ಊಟ ಕಡಿಮೆಯಾಗಿ ಕೊಬ್ಬು ಇಳೀತಾ ಬಂದ ಹಾಗೆ ಲೆಪ್ಟಿನ್ ಅನ್ನೋ ಹಾರ್ಮೋನ್ ಇಳಿಯತ್ತೆ. ಕೊಬ್ಬಿನ ಕೋಶಗಳಿಂದ ಹೊರಡೋ ಈ ಹಾರ್ಮೋನ್ ದೇಹದಲ್ಲಿ ಎಷ್ಟು ಸಂಗ್ರಹ ಇದೆ ಅಂತ ಮೆದುಳಿಗೆ ತಿಳಿಸೋ ಸಂದೇಶ, ಅದು ಕಮ್ಮಿ ಆದ್ರೆ ಮೆದುಳು ಹಸಿವು ಏರಿಸತ್ತೆ, ಖರ್ಚು ಇಳಿಸತ್ತೆ. ಥೈರಾಯ್ಡ್ ಹಾರ್ಮೋನ್ ಕೂಡ ಸ್ವಲ್ಪ ಇಳಿಯತ್ತೆ. ಸ್ನಾಯುಗಳೂ ಜಿಪುಣ ಆಗತ್ವೆ, ತೂಕ ಇಳಿಸಿದವರಲ್ಲಿ ಹಗುರವಾದ ಕೆಲಸಕ್ಕೆ ಸ್ನಾಯು ಮೊದಲಿಗಿಂತ ಕಡಿಮೆ ಶಕ್ತಿ ಬಳಸೋದನ್ನ ಅಳೆದು ನೋಡಿದಾರೆ, ಮಜಾ ಅಂದ್ರೆ ಈ ಉಳಿತಾಯ ಜೋರಾದ ವ್ಯಾಯಾಮದಲ್ಲಿ ಅಷ್ಟಾಗಿ ಕಾಣಲ್ಲ, ನಡಿಗೆ ಥರದ ಹಗುರ ಕೆಲಸದಲ್ಲೇ ಕಾಣೋದು. ಇವೆಲ್ಲ ಸೇರಿ ಹೊರಗೆ ಕಾಣೋದು ಮಾತ್ರ ಬಹಳ ಸಾದಾ ರೂಪದಲ್ಲಿ: ಇವತ್ತು ಯಾಕೋ ಸುಸ್ತು, ಲಿಫ್ಟಲ್ಲೇ ಹೋಗೋಣ.

ಇದಕ್ಕೆ ಹಳೇ ಸಾಕ್ಷಿ ಅಂದ್ರೆ ಎರಡನೇ ಮಹಾಯುದ್ಧದ ಕೊನೆಗೆ, 1944-45ರಲ್ಲಿ, ಆನ್ಸೆಲ್ ಕೀಸ್ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ನಡೆಸಿದ ಉಪವಾಸದ ಪ್ರಯೋಗ. 36 ಜನ ಆರೋಗ್ಯವಂತ ಗಂಡಸರಿಗೆ 24 ವಾರ ಹೆಚ್ಚುಕಮ್ಮಿ ಅರ್ಧ ಊಟ ಕೊಟ್ರು. ವಾರಕ್ಕೆ 22 ಮೈಲಿ, ಅಂದ್ರೆ ಸುಮಾರು 35 ಕಿಲೋಮೀಟರ್ ನಡೀಲೇಬೇಕು ಅಂತ ನಿಯಮ ಇತ್ತು. ಹೇಳಿದ ನಡಿಗೆ ಹೇಗೋ ಮಾಡಿ ಮುಗಿಸ್ತಿದ್ರು, ಆದ್ರೆ ಮಿಕ್ಕ ಓಡಾಟ ಕುಸಿದುಹೋಯ್ತು, ಬೇಕಿಲ್ಲದಿದ್ರೆ ಕೂತಲ್ಲಿಂದ ಏಳೋದನ್ನೇ ತಪ್ಪಿಸ್ತಿದ್ರು. ಅದು ತೀರಾ ಕಠಿಣ ಉಪವಾಸ, ನಮ್ಮ ನಿಮ್ಮ ಡಯಟ್ ಜೊತೆ ಹೋಲಿಸೋ ಹಾಗಿಲ್ಲ ಸರಿ, ಆದ್ರೆ ಅದರಲ್ಲಿ ಗಮನಿಸ್ಬೇಕಾದ್ದು ಒಂದಿದೆ. ನಿಯಮ ಇದ್ದ ನಡಿಗೆ ಉಳೀತು, ನಿಯಮ ಇಲ್ಲದ್ದು ಹೋಯ್ತು.

## ಒಬ್ಬರ ಲೆಕ್ಕ ಹಾಕಿ ನೋಡೋಣ

80 ಕೆಜಿ ತೂಕದ ಒಬ್ಬರನ್ನ ಊಹಿಸ್ಕೊಳಿ. ಕೂತು ಮಾಡೋ ಕೆಲಸ, ಆದ್ರೂ ದಿನಕ್ಕೆ ಸರಾಸರಿ 9000 ಸ್ಟೆಪ್ಸ್ ಆಗ್ತಿತ್ತು. ತೂಕ ಏರದೆ ಇಳೀದೆ ಇರೋಕೆ ಅವರಿಗೆ ದಿನಕ್ಕೆ 2400 ಕ್ಯಾಲೊರಿ ಬೇಕು, ಡಯಟ್ ಅಂತ 1900 ತಿನ್ನೋಕೆ ಶುರು ಮಾಡಿದ್ರು. ದಿನಕ್ಕೆ 500 ಕೊರತೆ, ವಾರಕ್ಕೆ 3500. ಒಂದು ಕೆಜಿ ದೇಹದ ಕೊಬ್ಬಲ್ಲಿ ಸುಮಾರು 7700 ಕ್ಯಾಲೊರಿ ಇರತ್ತೆ, ಹಾಗಾಗಿ ವಾರಕ್ಕೆ 450 ಗ್ರಾಂ ಹತ್ತಿರ ಇಳೀಬೇಕು. ಎಂಟು ವಾರದಲ್ಲಿ ನಾಲ್ಕು ಕೆಜಿ ಇಳೀತು ಅನ್ಕೊಳ್ಳೋಣ, ಅದರಲ್ಲಿ ಸ್ವಲ್ಪ ನೀರೂ ಸೇರಿರತ್ತೆ. ಈಗ 76 ಕೆಜಿ.

ಈಗ ಒಂಬತ್ತನೇ ವಾರದ ಲೆಕ್ಕ. ಮೈ ಚಿಕ್ಕದಾಗಿದೆ, ಅದನ್ನ ನಡೆಸೋ ಖರ್ಚೂ ಇಳಿದಿದೆ, ಇಳಿದ ಪ್ರತಿ ಕೆಜಿಗೆ ದಿನಕ್ಕೆ 20ರಿಂದ 25 ಕ್ಯಾಲೊರಿ ಅಂತ ಹಿಡಿದ್ರೆ ಸುಮಾರು 90 ಹೋಯ್ತು. ಇದು ಎಲ್ಲರಿಗೂ ಆಗೋದೇ, ತಪ್ಪಿಸೋಕಾಗಲ್ಲ.

ಇನ್ನು ಸ್ಟೆಪ್ಸ್. ಫೋನ್ ತೆಗೆದು ನೋಡಿದ್ರೆ ಸರಾಸರಿ 5500ಕ್ಕೆ ಬಂದಿದೆ, 3500 ಕಡಿಮೆ. ಒಂದು ಹೆಜ್ಜೆಗೆ 70 ಸೆಂಟಿಮೀಟರ್ ಅಂದ್ರೆ ಅದು ಸುಮಾರು ಎರಡೂವರೆ ಕಿಲೋಮೀಟರ್. ಮಾಮೂಲಿ ವೇಗದಲ್ಲಿ ಸಮತಟ್ಟಾದ ಕಡೆ ನಡೆದ್ರೆ, ಸುಮ್ನೆ ಕೂತಿದ್ರೂ ಖರ್ಚಾಗ್ತಿದ್ದ ಪಾಲನ್ನ ಕಳೆದು, ದೇಹದ ತೂಕದ ಪ್ರತಿ ಕೆಜಿಗೆ ಪ್ರತಿ ಕಿಲೋಮೀಟರ್‌ಗೆ ಸುಮಾರು ಅರ್ಧ ಕ್ಯಾಲೊರಿ ಹೋಗತ್ತೆ. 76 ಕೆಜಿಗೆ ಕಿಲೋಮೀಟರ್‌ಗೆ 38, ಎರಡೂವರೆ ಕಿಲೋಮೀಟರ್‌ಗೆ 95. ಅದೂ ಹೋಯ್ತು. ಜೊತೆಗೆ ಸ್ಟೆಪ್ಸಲ್ಲಿ ಲೆಕ್ಕಕ್ಕೆ ಬರದ ನಿಲ್ಲೋದು, ಬಗ್ಗೋದು, ಕೈಕಾಲು ಅಲ್ಲಾಡಿಸೋದು ಇವೂ ಇಳಿದಿರತ್ವೆ, ಅದನ್ನ ಮನೇಲಿ ಅಳೆಯೋಕೆ ದಾರಿ ಇಲ್ಲ, ಒಂದು 60 ಅಂತ ಇಟ್ಕೊಳ್ಳೋಣ.

ಮೂರೂ ಸೇರಿದ್ರೆ ಸುಮಾರು 245. ಊಟದಲ್ಲಿ ಒಂದು ತುತ್ತು ಜಾಸ್ತಿ ಆಗಿಲ್ಲ, ಆದ್ರೂ 500 ಇದ್ದ ಕೊರತೆ 255ಕ್ಕೆ ಬಂದು ನಿಂತಿದೆ. ವಾರಕ್ಕೆ 450 ಗ್ರಾಂ ಬದಲು 230 ಗ್ರಾಂ ಇಳಿಯತ್ತೆ. ತೂಕ ಅನ್ನೋದು ಉಪ್ಪು, ನೀರು, ಹೊಟ್ಟೇಲಿರೋ ಊಟ ಇವುಗಳಿಂದಾನೇ ಒಂದು ದಿನದಿಂದ ಇನ್ನೊಂದು ದಿನಕ್ಕೆ ಒಂದು ಕೆಜಿ ಆಚೆ ಈಚೆ ಆಗತ್ತೆ, ಅದರ ಮಧ್ಯೆ ಈ 230 ಗ್ರಾಂ ಎರಡು ಮೂರು ವಾರವಾದ್ರೂ ಕಣ್ಣಿಗೆ ಕಾಣಲ್ಲ. ತೂಕ ನಿಂತೋಯ್ತು ಅಂತ ಅನ್ಸೋದು ಇಲ್ಲೇ.

ಜಿಮ್ ಇದ್ಯಲ್ಲ ಅಂತ ಕೇಳ್ಬೋದು. ವೇಟ್ಸ್ ಎತ್ತೋ ಮುಕ್ಕಾಲು ಗಂಟೇಲಿ, ಮಧ್ಯೆ ನಿಂತು ಸುಧಾರಿಸ್ಕೊಳ್ಳೋದೂ ಸೇರಿ, ಹೆಚ್ಚುವರಿಯಾಗಿ ಹೋಗೋದು 150 ಕ್ಯಾಲೊರಿ ಅಂತ ಹಿಡೀರಿ, ವಾರಕ್ಕೆ ಮೂರು ಸಲ ಅಂದ್ರೆ ದಿನಕ್ಕೆ ಬೀಳೋದು 65. ಸ್ಟೆಪ್ಸ್ ಇಳಿದಿದ್ದೇ ಅದನ್ನ ನುಂಗಿ ನೀರು ಕುಡಿದಿದೆ. ಹಾಗಂತ ವೇಟ್ಸ್ ಬಿಡೋ ಹಾಗಿಲ್ಲ, ಡಯಟ್ ಟೈಮಲ್ಲಿ ಸ್ನಾಯು ಕರಗದ ಹಾಗೆ ನೋಡ್ಕೊಳ್ಳೋದು ಅದರ ಕೆಲಸ, ಕ್ಯಾಲೊರಿ ಸುಡೋದು ಅದರ ಕೆಲಸ ಅಲ್ಲ.

ಈ ಹಂತದಲ್ಲಿ ಹೆಚ್ಚಿನವರು ಮಾಡೋದು ಊಟ ಇನ್ನೂ 300 ಇಳಿಸೋದು. ಎರಡು ವಾರ ತೂಕ ಇಳಿಯತ್ತೆ, ಸುಸ್ತು ಹೆಚ್ಚತ್ತೆ, ಸ್ಟೆಪ್ಸ್ 5500ರಿಂದ 4000ಕ್ಕೆ ಹೋಗತ್ತೆ, ಮತ್ತೆ ಅದೇ ಕಥೆ.

## ನಿಮ್ಮದು ಇಳಿದಿದ್ಯಾ ಅಂತ ನೋಡೋದು ಹೇಗೆ

ಫೋನಲ್ಲಿರೋ ಹೆಲ್ತ್ ಆಪ್ ಹಳೇ ತಿಂಗಳುಗಳ ಸ್ಟೆಪ್ಸ್ ಇಟ್ಕೊಂಡಿರತ್ತೆ. ಡಯಟ್ ಶುರು ಮಾಡೋಕೆ ಮುಂಚಿನ ಎರಡು ವಾರದ ಸರಾಸರಿ ಒಂದು ಕಡೆ ಬರ್ಕೊಳಿ, ಹೋದ ಎರಡು ವಾರದ್ದು ಪಕ್ಕದಲ್ಲಿ ಬರೀರಿ. ಒಂದೊಂದು ದಿನದ್ದು ನೋಡ್ಬೇಡಿ, ಒಂದು ದಿನ 3000 ಇನ್ನೊಂದು ದಿನ 11000 ಇದ್ದೇ ಇರತ್ತೆ, ಸರಾಸರಿ ಮಾತ್ರ ಮಾತಾಡತ್ತೆ.

ಎರಡನೇದು, ಜಿಮ್ ದಿನ ಮತ್ತು ಜಿಮ್ ಇಲ್ಲದ ದಿನ ಬೇರೆ ಬೇರೆ ಮಾಡಿ ನೋಡಿ. ಟ್ರೆಡ್‌ಮಿಲ್ ಮೇಲೆ 3000 ಸ್ಟೆಪ್ಸ್ ನಡೆದ ದಿನಾನೂ ಒಟ್ಟು ಮಿಕ್ಕ ದಿನದಷ್ಟೇ ಬಂದಿದ್ರೆ, ಜಿಮ್ ಆದ್ಮೇಲೆ "ಇವತ್ತಿನ ಕೋಟಾ ಮುಗೀತು" ಅಂತ ಸೋಫಾಗೆ ಒರಗಿದೀರ ಅಂತ ಅರ್ಥ. ಇದು ಸೋಮಾರಿತನ ಅಂತ ಬೈಕೊಳ್ಳೋ ವಿಷಯ ಅಲ್ಲ, ತುಂಬಾ ಜನರ ದೇಹ ಹೀಗೇ ಸರಿದೂಗಿಸತ್ತೆ.

ಅಳತೇಲಿ ಆಗೋ ಎಡವಟ್ಟುಗಳೂ ಇವೆ. ಫೋನ್ ಟೇಬಲ್ ಮೇಲೆ ಬಿಟ್ಟು ಮನೆಯೆಲ್ಲ ಓಡಾಡಿದ್ರೆ ಅದು ಲೆಕ್ಕಕ್ಕೆ ಬರಲ್ಲ. ವಾಚ್ ಕಟ್ಟಿದ ಕೈಯಲ್ಲಿ ಟ್ರಾಲಿ ತಳ್ತಾ ನಡೆದ್ರೆ ಕೈ ಬೀಸಲ್ಲ, ಹೆಜ್ಜೆ ತಪ್ಪಿ ಹೋಗತ್ತೆ. ಡಯಟ್ ಮುಂಚೆ ಫೋನಲ್ಲಿ ಅಳೆದು ಈಗ ವಾಚಲ್ಲಿ ಅಳೆದ್ರೆ ಎರಡನ್ನೂ ಹೋಲಿಸೋಕೇ ಆಗಲ್ಲ. ಯಂತ್ರ ಯಾವುದಾದ್ರೂ ಆಗ್ಲಿ, ಒಂದೇ ಇಟ್ಕೊಳಿ, ಅದು ಹತ್ತು ಪರ್ಸೆಂಟ್ ತಪ್ಪು ತೋರಿಸಿದ್ರೂ ದಿನಾ ಅದೇ ತಪ್ಪು ತೋರಿಸಿದ್ರೆ ಸಾಕು.

ಸ್ಟೆಪ್ಸ್ ನಂಬಿ, ಆದ್ರೆ ಅದರ ಪಕ್ಕದಲ್ಲಿ ತೋರಿಸೋ ಕ್ಯಾಲೊರಿ ನಂಬ್ಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಕೈಗೆ ಕಟ್ಟೋ ಏಳು ಸಾಧನಗಳನ್ನ ಪರೀಕ್ಷೆ ಮಾಡಿದಾಗ ಎದೆಬಡಿತದಲ್ಲಿ ಹೆಚ್ಚಿನವು ಪರವಾಗಿಲ್ಲ ಅನ್ನೋ ಹಾಗಿದ್ವು, ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ವಾಸಿ ಅನ್ನಿಸ್ಕೊಂಡಿದ್ದೇ ಸರಾಸರಿ 27 ಪರ್ಸೆಂಟ್ ತಪ್ಪಿತ್ತು. ಜೊತೆಗೆ ಎಷ್ಟೋ ಆಪ್‌ಗಳು ಆ ಹೊತ್ತಲ್ಲಿ ಕೂತಿದ್ರೂ ಹೋಗ್ತಿದ್ದ ಕ್ಯಾಲೊರಿಯನ್ನೂ ನಡಿಗೆ ಖಾತೆಗೇ ಹಾಕಿ ತೋರಿಸತ್ವೆ. ವಾಚ್ 300 ಅಂದಿದೆ, ಹಾಗಾಗಿ 300 ಹೆಚ್ಚು ತಿನ್ಬೋದು ಅಂತ ಹೊರಟ್ರೆ ಕೊರತೆ ಪೂರ್ತಿ ಮುಚ್ಚೋಗತ್ತೆ.

## ವಾಪಸ್ ಏರಿಸೋದು

10000 ಅನ್ನೋ ಸಂಖ್ಯೆಗೆ ಗಂಟು ಬೀಳ್ಬೇಡಿ. ಅದು 1965ರಲ್ಲಿ ಜಪಾನಿನ ಒಂದು ಕಂಪನಿ ಮಾರಿದ ಪೆಡೋಮೀಟರ್ ಜೊತೆ ಬಂದ ಸಂಖ್ಯೆ, ವೈದ್ಯರು ಅಳೆದು ಹೇಳಿದ್ದಲ್ಲ. ಕೊಬ್ಬು ಇಳಿಸೋ ಲೆಕ್ಕದಲ್ಲಿ ಮುಖ್ಯವಾಗೋದು ನಿಮ್ಮ ಹಳೇ ಸರಾಸರಿ. ಮೊದಲ ಗುರಿ ಡಯಟ್ ಮುಂಚೆ ಎಷ್ಟಿತ್ತೋ ಅಲ್ಲಿಗೆ ವಾಪಸ್ ಬರೋದು, ಅದರ ಕೆಳಗೆ ವಾರದ ಸರಾಸರಿ ಬೀಳದ ಹಾಗೆ ನೋಡ್ಕೊಳ್ಳೋದು. ಮೇಲೆ ಹೇಳಿದವರು 5500ರಿಂದ 9000ಕ್ಕೆ ಬಂದ್ರೆ 95 ಕ್ಯಾಲೊರಿ ಊಟ ಮುಟ್ಟದೆ ವಾಪಸ್ ಸಿಗತ್ತೆ, ಕೊರತೆ 350ಕ್ಕೆ ಏರತ್ತೆ, ವಾರಕ್ಕೆ 300 ಗ್ರಾಂ ಮೇಲೆ ಇಳಿಯೋಕೆ ಅಷ್ಟು ಸಾಕು. ಮೊದಲಿಂದಾನೂ 3000, 4000 ಇದ್ದವರು ಅದರ ಮೇಲೆ 2000 ಸೇರಿಸಿದ್ರೆ ಆಯ್ತು.

ಸ್ವಲ್ಪ ಚುರುಕಾಗಿ ನಡೆದ್ರೆ ನಿಮಿಷಕ್ಕೆ ಸುಮಾರು 100 ಹೆಜ್ಜೆ ಆಗತ್ತೆ, ಅಂದ್ರೆ 3500 ಅನ್ನೋದು 35 ನಿಮಿಷ. ಒಟ್ಟಿಗೇ ಮಾಡ್ಬೇಕು ಅಂತ ಏನಿಲ್ಲ, ಮೂರು ಊಟ ಆದ್ಮೇಲೆ ಹತ್ತತ್ತು ನಿಮಿಷ ಮಾಡಿದ್ರೆ 3000 ಮುಗೀತು, ಊಟ ಆದ ತಕ್ಷಣ ನಡೆಯೋದು ರಕ್ತದ ಸಕ್ಕರೆ ಏರೋದನ್ನೂ ಸ್ವಲ್ಪ ತಗ್ಗಿಸತ್ತೆ. ಮಿಕ್ಕ 500 ಫೋನ್ ಬಂದಾಗ ಎದ್ದು ಅಡ್ಡಾಡಿದ್ರೇ ಆಗೋಗತ್ತೆ. ಹೀಗೆ ಯಾವುದಾದ್ರೂ ದಿನಾ ಆಗೋ ಕೆಲಸಕ್ಕೆ ಕಟ್ಟಿಹಾಕೋದಕ್ಕೆ ಕಾರಣ ಇದೆ. ಮನಸ್ಸಾದಾಗ ನಡೆಯೋಣ ಅಂತ ಬಿಟ್ರೆ, ಡಯಟಲ್ಲಿರೋ ದೇಹಕ್ಕೆ ಆ ಮನಸ್ಸು ಬರೋದೇ ಕಡಿಮೆ.

ನಿಂತ್ಕೊಂಡು ಕೆಲಸ ಮಾಡೋ ಮೇಜು ತಗೊಂಡ್ರೆ ಆಗಲ್ವಾ ಅಂತ ಕೇಳೋರಿದಾರೆ. ಕೂರೋದಕ್ಕೂ ಸುಮ್ನೆ ನಿಲ್ಲೋದಕ್ಕೂ ನಿಮಿಷಕ್ಕೆ 0.15 ಕ್ಯಾಲೊರಿ ವ್ಯತ್ಯಾಸ ಅಷ್ಟೇ, 65 ಕೆಜಿಯವರು ಆರು ಗಂಟೆ ನಿಂತ್ರೆ 54 ಕ್ಯಾಲೊರಿ. ಬೆನ್ನಿಗೆ ಆರಾಮ ಅನ್ಸಿದ್ರೆ ತಗೊಳಿ, ಕೊಬ್ಬು ಇಳಿಸೋಕೆ ಅಂತ ಬೇಡ.

## ಎಲ್ಲಿವರೆಗೆ ಇದು ನಡೆಯತ್ತೆ

ಊಟ ಬದಲಾಯಿಸದೆ ಬರೀ ಸ್ಟೆಪ್ಸಿಂದ ತೂಕ ಇಳಿಸ್ತೀನಿ ಅಂದ್ರೆ ಲೆಕ್ಕ ತುಂಬಾ ನಿಧಾನ. 95 ಕ್ಯಾಲೊರಿ ಅಂದ್ರೆ ಕೈ ತುಂಬಾ ಹಿಡಿಯೋ ಕಡ್ಲೆಕಾಯಿ ಬೀಜಕ್ಕೂ ಕಮ್ಮಿ. ಜೊತೆಗೆ ಹೆಚ್ಚು ಓಡಾಡಿದ್ದನ್ನ ದೇಹ ಪೂರ್ತಿ ಖರ್ಚು ಅಂತ ಒಪ್ಕೊಳ್ಳಲ್ಲ, ಬೇರೆ ಕಡೆ ಸ್ವಲ್ಪ ಉಳಿಸತ್ತೆ. 2021ರಲ್ಲಿ 1754 ವಯಸ್ಕರ ಅಳತೆಗಳನ್ನ ಸೇರಿಸಿ ನೋಡಿದಾಗ, ಚಟುವಟಿಕೆಯಿಂದ ಹೆಚ್ಚು ಸುಟ್ಟ ನೂರು ಕ್ಯಾಲೊರಿಯಲ್ಲಿ ಸರಾಸರಿ 28 ಹೀಗೆ ವಾಪಸ್ ಹೋಗತ್ತೆ ಅಂತ ಬಂತು. ಅಂದ್ರೆ ನಮ್ಮ 95ರಲ್ಲಿ ಕೈಗೆ ಉಳಿಯೋದು 70ರ ಹತ್ತಿರ ಅಂತ ಇಟ್ಕೊಳ್ಳೋದು ಒಳ್ಳೇದು.

ಏರಿಸೋವಾಗ ಆತುರ ಬೇಡ. 4000 ಇದ್ದವರು ಮಾರನೇ ದಿನದಿಂದ 12000 ಅಂತ ಹೊರಟ್ರೆ ಮೊದಲು ದೂರು ಹೇಳೋದು ಹಿಮ್ಮಡಿ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಅಡಿ ಚುಚ್ಚಿದ ಹಾಗೆ ನೋವಾಗಿ, ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆ ಆದ್ರೆ, ಪಾದದ ಅಡಿಯ ಪಟ್ಟಿಗೆ ಪೆಟ್ಟು ಬೀಳ್ತಿದೆ ಅಂತ. ಆಗ ಹಿಂದಿನ ಸಂಖ್ಯೆಗೆ ಇಳೀಬೇಕು, ಮೆತ್ತನೆ ಅಟ್ಟೆ ಇರೋ ಚಪ್ಪಲಿ ಅಥವಾ ಶೂ ಹಾಕ್ಬೇಕು, ವಾರಕ್ಕೆ 1000 ಲೆಕ್ಕದಲ್ಲಿ ಏರಿಸ್ಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿರೋರು, ನಡೆದ್ರೆ ಎದೆ ಬಿಗಿಯೋರು ಮೊದಲು ಡಾಕ್ಟರ ಹತ್ರ ಕೇಳ್ಲೇಬೇಕು.

ಸ್ಟೆಪ್ಸ್ ವಾಪಸ್ ತಂದು, ಊಟಾನೂ ಅಳೆದು, ನಾಲ್ಕು ವಾರ ಆದ್ಮೇಲೂ ವಾರದ ಸರಾಸರಿ ತೂಕ ಕದಲ್ಲಿಲ್ಲ ಅಂದ್ರೆ ಆಗ ಊಟದ ಲೆಕ್ಕ ಮತ್ತೆ ಬಿಚ್ಚಿ ನೋಡ್ಬೇಕು, ಎಣ್ಣೆ, ಹಾಲು, ರುಚಿ ನೋಡೋಕೆ ಅಂತ ಬಾಯಿಗೆ ಹಾಕ್ಕೊಂಡಿದ್ದು, ರಜಾ ದಿನದ ಊಟ ಇವು ಎಷ್ಟೋ ಸಲ ಬರವಣಿಗೆಗೆ ಬಂದಿರಲ್ಲ. ಇನ್ನೊಂದು ಕಡೆ, ಸ್ಟೆಪ್ಸ್ ಹಿಡಿದಿಟ್ಕೊಳ್ಳೋಕೇ ಆಗ್ತಿಲ್ಲ, ಪ್ರತಿ ಸಂಜೆ ಎಳ್ಕೊಂಡು ಹೋಗ್ಬೇಕು, ನಿದ್ದೆ ಕೆಟ್ಟಿದೆ, ಯಾವಾಗ್ಲೂ ಚಳಿ ಅಂತಾದ್ರೆ ಕೊರತೇನೇ ಜಾಸ್ತಿ ಆಗಿರ್ಬೋದು, ಆಗ 150 ಕ್ಯಾಲೊರಿ ಊಟ ಹೆಚ್ಚಿಸಿ ಎರಡು ವಾರ ಸ್ಟೆಪ್ಸ್ ತಾನಾಗೇ ಏರತ್ತಾ ಅಂತ ನೋಡೋದು ಊಟ ಇನ್ನೂ ಕಡಿಮೆ ಮಾಡೋದಕ್ಕಿಂತ ವಾಸಿ.